ಮೂರರಲ್ಲಿ ಒಂದು ಎಲ್ಲಿಂದ ಬಂತು?

ದ್ವಿತೀಯ ಪಿಯುಸಿ ಓದುವ ಅಕ್ಕನ ಮಗ ಮೊನ್ನೆ ಒಂದು ಲೆಕ್ಕ ಮಾಡಿ ತಂದು ತೋರಿಸಿದ. cos 3x ಅನ್ನು 0 ಯಿಂದ π/6 ರವರೆಗೆ ಇಂಟಿಗ್ರೇಟ್ ಮಾಡಬೇಕಿತ್ತು. cos ಇದ್ದಲ್ಲಿ sin ಹಾಕಿ, ಬೆಲೆ ತುಂಬಿ, ಉತ್ತರ 1 ಎಂದು ಬರೆದು ಅಡಿಗೆರೆ ಎಳೆದಿದ್ದ. ‘ಸರಿಯಾ ಇದು?’ ಅಂದೆ. ಒಂದು ಕ್ಷಣ ನೋಡಿದವನು, ‘ಅಯ್ಯೋ ಮಾವ, ಮೂರರಿಂದ ಭಾಗಿಸೋದು ಮರ್ತೆ’ ಎಂದು ಒಂದರ ಕೆಳಗೆ ಮೂರು ಗೀಚಿದ. ಯಾಕೆ ಭಾಗಿಸಬೇಕು ಅಂತ ಕೇಳಿದರೆ ‘ಹಾಗಂತ ಫಾರ್ಮುಲಾ ಇದೆಯಲ್ಲ’ ಅಂದ.

ಫಾರ್ಮುಲಾ ಇರುವುದು ನಿಜ. f ನ ಅನುಕಲನ F ಆದರೆ,

∫ f(ax + b) dx = (1/a) F(ax + b) + C

ಮಂತ್ರ ಉರುಹೊಡೆದ ಹಾಗೆ ಇದನ್ನು ಉರುಹೊಡೆಯುತ್ತಾರೆ. ಮಂತ್ರದಲ್ಲಿ ಒಂದು ಅಕ್ಷರ ಬಿಟ್ಟುಹೋದರೆ ಹೇಳುವವನಿಗೆ ಗೊತ್ತಾಗುವುದಿಲ್ಲ, ಅದೇ ತೊಂದರೆ. ಅವನ ಉತ್ತರ ತಪ್ಪು ಎಂಬುದು ಫಾರ್ಮುಲಾ ಇಲ್ಲದೆಯೂ ತಿಳಿಯುತ್ತಿತ್ತು. π/6 ಅಂದರೆ ಸುಮಾರು 0.52. cos ಎಷ್ಟೇ ಜಿಗಿದರೂ 1 ಕ್ಕಿಂತ ಮೇಲೆ ಹೋಗುವುದಿಲ್ಲ. 0.52 ಅಗಲ, 1 ಎತ್ತರದ ಪೆಟ್ಟಿಗೆಯೊಳಗೆ ಹಿಡಿಸುವ ಆಕೃತಿಯ ವಿಸ್ತೀರ್ಣ 1 ಆಗುವುದಾದರೂ ಹೇಗೆ? ಭಾಗಿಸುವ ಬದಲು ಗುಣಿಸಿ 3 ಎಂದು ಬರೆಯುವವರೂ ಇದ್ದಾರೆ. ಅವರೂ ಪೆಟ್ಟಿಗೆಯನ್ನು ನೋಡಿರುವುದಿಲ್ಲ.

ಇದಕ್ಕೆ ಸಾಮಾನ್ಯವಾಗಿ ಸಿಗುವ ವಿವರಣೆ ಹೀಗೆ: sin 3x ಅನ್ನು ಅವಕಲಿಸಿದರೆ ಸರಪಳಿ ನಿಯಮದಿಂದ 3 cos 3x ಬರುತ್ತದೆ, ನಮಗೆ ಆ 3 ಬೇಡ, ಆದ್ದರಿಂದ ಮೊದಲೇ ಮೂರರಿಂದ ಭಾಗಿಸಿ ಇಟ್ಟುಕೊಳ್ಳುತ್ತೇವೆ. ತಪ್ಪೇನಿಲ್ಲ. ಆದರೆ ಇದು ಉತ್ತರ ಸರಿಯಿದೆಯೆಂದು ತಾಳೆ ನೋಡುವ ಕ್ರಮ. ಆ ಮೂರರಲ್ಲಿ ಒಂದು ಭಾಗ ಎಲ್ಲಿ ಕೂತಿದೆ ಎಂದು ಕಣ್ಣಿಗೆ ಕಾಣಬೇಕಾದರೆ ನಕ್ಷೆ ಬರೆಯಬೇಕು.

cos x ನ ನಕ್ಷೆ ಸೊನ್ನೆಯಲ್ಲಿ 1 ಎತ್ತರದಿಂದ ಹೊರಟು π/2 ಗೆ ಬರುವಷ್ಟರಲ್ಲಿ ನೆಲ ಮುಟ್ಟುತ್ತದೆ. ಆ ಗುಡ್ಡದ ಕೆಳಗಿನ ವಿಸ್ತೀರ್ಣ ಸರಿಯಾಗಿ 1. cos 3x ಸಹ 1 ಎತ್ತರದಿಂದಲೇ ಹೊರಡುತ್ತದೆ, ಅದೇ ಎತ್ತರಗಳನ್ನು ಅದೇ ಕ್ರಮದಲ್ಲಿ ಹಾದು ನೆಲಕ್ಕೆ ಬರುತ್ತದೆ. ಆದರೆ π/6 ರಲ್ಲೇ ಬಂದುಬಿಡುತ್ತದೆ. ಇಡೀ ಗುಡ್ಡವನ್ನು ಪಕ್ಕದಿಂದ ಅಮುಕಿ ಮೂರನೇ ಒಂದು ಅಗಲಕ್ಕೆ ತಂದಂತೆ. ಎತ್ತರ ಕೂದಲೆಳೆಯಷ್ಟೂ ಬದಲಾಗಿಲ್ಲ. ಅಗಲ ಮಾತ್ರ ಮೂರರಲ್ಲಿ ಒಂದಾಗಿದೆ, ವಿಸ್ತೀರ್ಣವೂ ಅಷ್ಟೇ ಆಗಿದೆ. ಇಷ್ಟೇ ವಿಷಯ!

ಇಲ್ಲಿಗೆ ನಿಲ್ಲಿಸಬಹುದಿತ್ತು, ಆದರೆ ಈ ಅಮುಕುವಿಕೆ ನನಗೆ ಬಹಳ ಇಷ್ಟ. ಸಂಗೀತ ಕಲಿತವರು ಸರಳೆ ವರಸೆಯನ್ನು ನೆನಪಿಸಿಕೊಳ್ಳಿ. ಮಾಯಾಮಾಳವಗೌಳದಲ್ಲಿ ಸ ರಿ ಗ ಮ ಎಂದು ಒಂದನೇ ಕಾಲದಲ್ಲಿ ಹಾಡಿದ್ದನ್ನೇ ಮೂರನೇ ಕಾಲದಲ್ಲಿ ಹಾಡುವಾಗ ಒಂದು ಎಣಿಕೆಗೆ ನಾಲ್ಕು ಸ್ವರ ಬೀಳುತ್ತವೆ. ಷಡ್ಜ ಷಡ್ಜವಾಗಿಯೇ ಇರುತ್ತದೆ, ಪಂಚಮ ಏರುವುದಿಲ್ಲ. ಹಾಡಿ ಮುಗಿಯುವ ಹೊತ್ತು ಮಾತ್ರ ಕಾಲುಭಾಗ. ಗಣಿತದ ಭಾಷೆಯಲ್ಲಿ ಅದು f(4t), ಆ ಕಾಲುಭಾಗವೇ ಉತ್ತರದ 1/4.

ಸಂಗೀತ ಒಗ್ಗದವರಿಗೆ ತೋಟ. ಒಂಬತ್ತು ಅಡಿಗೊಂದರಂತೆ ನೆಟ್ಟ ಅಡಿಕೆ ಮರಗಳ ಸಾಲೊಂದಿದೆ. ಒಂದು ತುದಿಯಲ್ಲಿ ಎತ್ತರದ ಮರ, ಇನ್ನೊಂದು ತುದಿಗೆ ಹೋಗುತ್ತಾ ಗಿಡ್ಡ. ಪಡುವಣ ಬಿಸಿಲು ಕಾಂಡಕ್ಕೆ ಬಡಿಯದಂತೆ ಸಾಲಿನ ಪಕ್ಕಕ್ಕೆ ಬುಡದಿಂದ ತುದಿಯವರೆಗೆ ನೆರಳುಬಲೆ ಕಟ್ಟುತ್ತೀರಿ ಎಂದುಕೊಳ್ಳಿ. ಅವೇ ಮರಗಳನ್ನು ಅದೇ ಕ್ರಮದಲ್ಲಿ ಮೂರು ಅಡಿಗೊಂದರಂತೆ ನೆಟ್ಟಿದ್ದರೆ (ಯಾರೂ ನೆಡುವುದಿಲ್ಲ, ಲೆಕ್ಕಕ್ಕೆ ಹೇಳಿದೆ) ಎಷ್ಟು ಬಲೆ ಬೇಕಾಗುತ್ತಿತ್ತು? ಮೂರನೇ ಒಂದು ಭಾಗ. ಅನುಕಲನ ಮಾಡುವುದೂ ಇದನ್ನೇ: ಸಣ್ಣ ಸಣ್ಣ ಪಟ್ಟಿಗಳಾಗಿ ಕತ್ತರಿಸಿ, ಎತ್ತರವನ್ನು ಅಗಲದಿಂದ ಗುಣಿಸಿ ಕೂಡುತ್ತದೆ. ಪ್ರತಿ ಪಟ್ಟಿಯ ಅಗಲವೂ ಮೂರನೇ ಒಂದಾದಾಗ ಆ 1/3 ಎಲ್ಲ ಪಟ್ಟಿಗಳಿಗೂ ಸಮಾನ. ಹಾಗಾಗಿ ಅದನ್ನು ಮೊತ್ತದಿಂದ ಹೊರಗೆ ತೆಗೆದಿಡಬಹುದು. ‘ಎಲ್ಲ ಪಟ್ಟಿಗಳಿಗೂ ಸಮಾನ’ ಎಂಬ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಪಟ್ಟಿಯ ಅಗಲಕ್ಕೆ dx ಎಂಬ ಗುರುತು ಕೊಟ್ಟವನು ಲೈಬ್ನಿಟ್ಸ್. ಉದ್ದ S ನಂತಿರುವ ∫ ಚಿಹ್ನೆ ಅವನ ಹಸ್ತಪ್ರತಿಯಲ್ಲಿ ಕಾಣಿಸಿಕೊಂಡದ್ದು 1675ರ ಅಕ್ಟೋಬರ್‌ನಲ್ಲಿ. ‘ಮೊತ್ತ’ ಎಂಬರ್ಥದ ಲ್ಯಾಟಿನ್ ಪದದ ಮೊದಲಕ್ಷರ ಅದು. ಬಾಲಕ್ಕೆ dx ಯಾಕೆ ಬರೆಯಬೇಕು, ಸುಮ್ಮನೆ ಅಲಂಕಾರವೇ ಎಂದು ಕೇಳುವವರಿಗೆ ಉತ್ತರ ಇಲ್ಲಿದೆ. u = 3x + b ಎಂದಿಟ್ಟರೆ u ಮೂರು ಹೆಜ್ಜೆ ಹಾಕುವಷ್ಟರಲ್ಲಿ x ಹಾಕುವುದು ಒಂದೇ ಹೆಜ್ಜೆ, ಅಂದರೆ dx = du/3. ಅಗಲ ಎಷ್ಟು ಕುಗ್ಗಿತು ಎಂಬುದನ್ನು ಆ ಗುರುತೇ ಹೇಳಿಬಿಡುತ್ತದೆ.

b ಗೆ ಉತ್ತರದಲ್ಲಿ ಯಾಕೆ ಬೆಲೆ ತೆರಬೇಕಾಗಿಲ್ಲ ಎಂಬುದೂ ಇದರಿಂದ ತಿಳಿಯಿತು. b ನಕ್ಷೆಯನ್ನು ಪಕ್ಕಕ್ಕೆ ಸರಿಸುತ್ತದೆ, ಅಮುಕುವುದಿಲ್ಲ. ಸಹಗುಣಕ ಋಣವಾದಾಗ ಮಾತ್ರ ಸ್ವಲ್ಪ ಎಚ್ಚರ ಬೇಕು. e^(−2x) ನ ನಕ್ಷೆ ಎರಡು ಪಟ್ಟು ಅಮುಕಿದ್ದಷ್ಟೇ ಅಲ್ಲ, ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿದೆ. x ಬಲಕ್ಕೆ ನಡೆದರೆ u ಎಡಕ್ಕೆ ನಡೆಯುತ್ತದೆ. ಆ ತಿರುವಿನ ಗುರುತೇ −1/2 ರಲ್ಲಿರುವ ಋಣಚಿಹ್ನೆ. 0 ಯಿಂದ 1 ರವರೆಗಿನ ಸರಿಯುತ್ತರ ಸುಮಾರು 0.432. ಚಿಹ್ನೆ ಮರೆತವರಿಗೆ −0.432 ಸಿಗುತ್ತದೆ. ಇಡೀ ವಕ್ರರೇಖೆ ಅಕ್ಷದ ಮೇಲಿರುವಾಗ ವಿಸ್ತೀರ್ಣ ಋಣವಾಗುವುದುಂಟೇ?

ಈಗ ನನ್ನ ತಾಳ್ಮೆ ಕೆಡಿಸುವ ತಪ್ಪಿಗೆ ಬರೋಣ. ‘ಒಳಗಿರುವುದರ ಅವಕಲನದಿಂದ ಭಾಗಿಸಬೇಕು’ ಎಂದು ಫಾರ್ಮುಲಾವನ್ನು ಹಿಗ್ಗಿಸಿಕೊಂಡವರು ∫ cos(x²) dx ಎದುರಾದಾಗ ಧೈರ್ಯವಾಗಿ sin(x²)/2x ಎಂದು ಬರೆಯುತ್ತಾರೆ. ತಾಳೆ ನೋಡಿ: ಅದನ್ನು ಅವಕಲಿಸಿದರೆ cos(x²) ಜೊತೆಗೆ − sin(x²)/2x² ಎಂಬ ಬಾಲವೊಂದು ಅಂಟಿಕೊಂಡು ಬರುತ್ತದೆ. ಛೇದದ 2x ಸಂಖ್ಯೆಯಲ್ಲ, ಅದೂ ಬದಲಾಗುತ್ತಿರುವಂಥದ್ದು, ಅದನ್ನೂ ಅವಕಲಿಸಬೇಕಾಯಿತು.

ತೋಟದಲ್ಲಿ ನೋಡಿದರೆ ಇನ್ನೂ ಸ್ಪಷ್ಟ. u = x² ಎಂದಾಗ x ಸುಮಾರು 5 ಇರುವಲ್ಲಿ ನಕ್ಷೆ ಹತ್ತು ಪಟ್ಟು ಅಮುಕಿಹೋಗಿದೆ. x ಸುಮಾರು 0.1 ಇರುವಲ್ಲಿ ಅಮುಕುವುದಿರಲಿ, ಐದು ಪಟ್ಟು ಹಿಗ್ಗಿದೆ. ಒಂದು ಕಡೆ ಮರಗಳು ಒತ್ತೊತ್ತಾಗಿ, ಇನ್ನೊಂದು ಕಡೆ ಬಯಲಿನಂತೆ ದೂರದೂರ. ಎಲ್ಲ ಪಟ್ಟಿಗಳಿಗೂ ಸಮಾನವಾದ ಒಂದು ಸಂಖ್ಯೆಯೇ ಇಲ್ಲದಿರುವಾಗ ಹೊರಗೆ ತೆಗೆದಿಡುವುದು ಏನನ್ನು? ರೇಖಾತ್ಮಕವಾದ ax + b ಮಾತ್ರ ಎಲ್ಲೆಡೆ ಒಂದೇ ಸಮನಾಗಿ ಅಮುಕುತ್ತದೆ. ಫಾರ್ಮುಲಾದ ಬಲವೂ ಮಿತಿಯೂ ಅದೇ. ಅಂದಹಾಗೆ cos(x²) ನ ಅನುಕಲನವನ್ನು ನಮಗೆ ಪರಿಚಯವಿರುವ sin, cos, ಘಾತ, ಲಾಗ್‌ಗಳನ್ನು ಎಷ್ಟು ಬೆರೆಸಿದರೂ ಬರೆಯಲಾಗದು. ಅದು ನಮ್ಮ ಜಾಣ್ಮೆಯ ಕೊರತೆಯಲ್ಲ, ಸಾಧ್ಯವಿಲ್ಲವೆಂದೇ ಸಾಧಿಸಬಹುದು. ಬೆಳಕು ಅಂಚಿನ ಬಳಿ ಬಾಗುವುದನ್ನು ಲೆಕ್ಕಹಾಕಿದ ಫ್ರೆನೆಲ್‌ನ ಹೆಸರಿನಲ್ಲಿ ಅದಕ್ಕೊಂದು ಬೇರೆಯೇ ಫಂಕ್ಷನ್ ಇದೆ.

ಅಮುಕಿದರೆ ವಿಸ್ತೀರ್ಣ ಕುಗ್ಗುತ್ತದೆ ಎಂಬ ಈ ಸರಳ ಸಂಗತಿಯಿಂದ ಒಬ್ಬ ಪಾದ್ರಿಗೆ ನಿಧಿಯೇ ಸಿಕ್ಕಿತ್ತು. ಬ್ರೂಜ್ ಊರಿನ ಗ್ರೆಗೊರಿ ಸೇಂಟ್ ವಿನ್ಸೆಂಟ್ 1647ರಲ್ಲಿ ದಪ್ಪನೆಯ ಜ್ಯಾಮಿತಿ ಗ್ರಂಥವೊಂದನ್ನು ಪ್ರಕಟಿಸಿದ. ವೃತ್ತಕ್ಕೆ ಸಮನಾದ ಚೌಕ ರಚಿಸಿದ್ದೇನೆ ಎಂಬುದು ಅವನ ಹೆಮ್ಮೆ. ಕೆಲವೇ ವರ್ಷಗಳಲ್ಲಿ ತರುಣ ಹೈಗೆನ್ಸ್ ಅದರಲ್ಲಿ ತಪ್ಪು ಹಿಡಿದ, ಪಾದ್ರಿ ನಗೆಗೀಡಾದ. ಆದರೆ ಅದೇ ಗ್ರಂಥದಲ್ಲಿ 1/x ಎಂಬ ಅತಿಪರವಲಯದ ಬಗ್ಗೆ ಒಂದು ಅಪ್ಪಟ ಬಂಗಾರದ ಮಾತಿತ್ತು.

1/x ನ ಕೆಳಗೆ 1 ರಿಂದ 2 ರವರೆಗಿನ ತುಂಡನ್ನು ತೆಗೆದುಕೊಳ್ಳಿ. ಅಗಲವನ್ನು ಮೂರು ಪಟ್ಟು ಎಳೆಯಿರಿ, ಎತ್ತರವನ್ನು ಮೂರನೇ ಒಂದಕ್ಕೆ ತಗ್ಗಿಸಿ. ಎರಡೂ ಒಂದನ್ನೊಂದು ಹೊಡೆದುಹಾಕಿ ವಿಸ್ತೀರ್ಣ ಇದ್ದಷ್ಟೇ ಉಳಿಯುತ್ತದೆ. ಚೋದ್ಯವೆಂದರೆ, x ಇದ್ದಲ್ಲಿ 3x, 1/x ಇದ್ದಲ್ಲಿ 1/3x ಬಂದ ಮೇಲೆ ಆ ಹೊಸ ತುಂಡಿನ ಅಂಚು ಅದೇ ವಕ್ರರೇಖೆಯ ಮೇಲೆ, 3 ರಿಂದ 6 ರವರೆಗೆ, ಸರಿಯಾಗಿ ಕೂರುತ್ತದೆ! 1 ರಿಂದ 2 ರವರೆಗೆ ಎಷ್ಟೋ 3 ರಿಂದ 6 ರವರೆಗೂ ಅಷ್ಟೇ. ಆದ್ದರಿಂದ 1 ರಿಂದ 6 ರವರೆಗಿನ ವಿಸ್ತೀರ್ಣ ಎಂದರೆ 1 ರಿಂದ 3 ರವರೆಗಿನದಕ್ಕೆ 1 ರಿಂದ 2 ರವರೆಗಿನದನ್ನು ಕೂಡಿದಷ್ಟು. ಮೂರನ್ನು ಎರಡರಿಂದ ಗುಣಿಸಿದ್ದು ವಿಸ್ತೀರ್ಣದ ಲೋಕದಲ್ಲಿ ಕೂಡಿಸಿದ್ದಾಯಿತು. ಗುಣಾಕಾರವನ್ನು ಸಂಕಲನವಾಗಿಸುವುದು ಲಾಗರಿತಮ್‌ನ ಗುಣ ಎಂದು 1649ರಲ್ಲಿ ಗುರುತಿಸಿದವನು ಅವನ ಜೊತೆಗಾರ ಸರಾಸಾ. 1/x ಅನ್ನು ಅನುಕಲಿಸಿದರೆ ಎಲ್ಲಿಂದಲೋ ಲಾಗ್ ಬಂದು ಇಳಿಯುತ್ತದಲ್ಲ, ಅದರ ಹಿಂದಿನ ಕಥೆ ಇದು. ಲೈಬ್ನಿಟ್ಸ್ ಆಗಿನ್ನೂ ಪುಟ್ಟ ಹುಡುಗ.

ಇಷ್ಟು ಹೇಳಿ ಮುಗಿಸಿದ ಮೇಲೆ ಅಕ್ಕನ ಮಗ ನನ್ನನ್ನೇ ಸಿಕ್ಕಿಸಲು ನೋಡಿದ. ‘∫ dx/3x ಗೆ ನಿಮ್ಮ ಫಾರ್ಮುಲಾ ಹಾಕಿದ್ರೆ (1/3) ln 3x. 1/3 ನ ಮೊದಲೇ ಹೊರಗೆ ತೆಗೆದ್ರೆ (1/3) ln x. ಎರಡರಲ್ಲಿ ಯಾವುದು ಸರಿ ಮಾವ?’ ಒಳ್ಳೆಯ ಪ್ರಶ್ನೆ. ‘1 ರಿಂದ 2 ರವರೆಗೆ ಎರಡರಲ್ಲೂ ಬೆಲೆ ಹಾಕಿ ನೋಡು’ ಅಂದೆ. ಎರಡರಲ್ಲೂ 0.231 ಬಂತು. ‘ಹಂಗಾದ್ರೆ ಆ ಒಳಗಿನ ಮೂರು ಎಲ್ಲಿಗೆ ಹೋಯ್ತು?’ ಎಂದು ಸ್ವಲ್ಪ ಹೊತ್ತು ಪೆನ್ನು ಕಚ್ಚುತ್ತಾ ಕೂತ. ಆಮೇಲೆ ln 3x ಅನ್ನು ln 3 + ln x ಎಂದು ಒಡೆದು ಬರೆದ, ಬರೆದವನೇ ಕೊನೆಯಲ್ಲಿದ್ದ C ಗೆ ಸುತ್ತ ಒಂದು ವೃತ್ತ ಎಳೆದ.