ಒಂದೇ ವಿಮಾನದಲ್ಲಿ ತಮ್ಮನಿಗೆ 30K, ಮಗಳಿಗೆ 2PC: ಯಾಕೆ?

ಓದುಗರ ಪ್ರಶ್ನೆ: ನಮ್ಮದು ಬೀದರ್. ಮಗಳು ಓದಲಿಕ್ಕೆ ಶಿಕಾಗೊಕ್ಕೆ ಹೊಂಟಾಳ. ಹೈದರಾಬಾದಿನಿಂದ ದುಬೈ, ಅಲ್ಲಿಂದ ಶಿಕಾಗೊ. ನನ್ನ ತಮ್ಮ ದುಬೈನಾಗ ಕೆಲಸಕ್ಕಿದ್ದಾನ, ರಜೆ ಮುಗಿಸಿ ಅದೇ ವಿಮಾನದಾಗ ವಾಪಸ್ ಹೋಗ್ತಾನ. ಇಬ್ಬರ ಸೀಟೂ ಅಕ್ಕಪಕ್ಕ. ಆದರ ಅವನ ಟಿಕೆಟ್‌ನಾಗ ಲಗೇಜಿಗೆ 30K ಅಂತ ಅದ, ಮಗಳದರಾಗ 2PC ಅಂತ ಅದ. ಡಿಸೆಂಬರ್‌ನಾಗ ಅಕಿ ರಜೆಗೆ ಬರುವಾಗ ದುಬೈನಾಗ ಕಾಕಾನ ಮನ್ಯಾಗ ನಾಲ್ಕು ದಿನ ಇದ್ದು ಬರ್ತಾಳ. ಏಜೆಂಟ್ ತೋರಿಸಿದ ಹಾಳ್ಯಾಗ ಶಿಕಾಗೊ–ದುಬೈಗೆ 2PC, ದುಬೈ–ಹೈದರಾಬಾದಿಗೆ 30K ಅದ. ಒಂದೇ ಪ್ರಯಾಣದಾಗ ಎರಡು ಲೆಕ್ಕ ಯಾಕ್ರಿ? ಯಾವುದನ್ನ ನಂಬಿ ಚೀಲ ಕಟ್ಟಬೇಕು?

ಉತ್ತರ: ಮೊದಲು ಆ ಎರಡು ಗುರುತು ನೋಡೋಣ. 30K ಅಂದರೆ ಒಟ್ಟು ಮೂವತ್ತು ಕಿಲೊ. ಅದನ್ನು ಒಂದು ಸೂಟ್‌ಕೇಸಿನಲ್ಲಿ ತುಂಬಲಿ, ಮೂರು ಚೀಲಕ್ಕೆ ಹಂಚಲಿ, ಸಾಮಾನ್ಯವಾಗಿ ಕೌಂಟರಿನವರು ನೋಡುವುದು ಒಟ್ಟು ತೂಕವನ್ನು. ಇದು ಕಿಲೊ ಲೆಕ್ಕ. 2PC ಅಂದರೆ ಎರಡು ನಗ. ಇಲ್ಲಿ ಮೊದಲು ಎಣಿಕೆ, ಆಮೇಲೆ ಪ್ರತಿ ನಗಕ್ಕೂ ಬೇರೆ ಬೇರೆ ಮಿತಿ. ಎಕಾನಮಿ ದರ್ಜೆಯಲ್ಲಿ ಸಾಮಾನ್ಯವಾಗಿ ಒಂದೊಂದು 23 ಕಿಲೊ ದಾಟಬಾರದು, ಉದ್ದ, ಅಗಲ, ಎತ್ತರ ಮೂರನ್ನೂ ಕೂಡಿಸಿದರೆ 158 ಸೆಂಟಿಮೀಟರ್ ಮೀರಬಾರದು. ಇದು ಪೀಸ್ ಲೆಕ್ಕ. ಎರಡರಲ್ಲೂ ಒಂದೇ ಚೀಲ 32 ಕಿಲೊ ದಾಟಿದರೆ ದುಡ್ಡು ಕೊಡುತ್ತೇನೆ ಅಂದರೂ ತೆಗೆದುಕೊಳ್ಳುವುದಿಲ್ಲ, ಬಿಚ್ಚಿ ಹಂಚಿ ತನ್ನಿ ಅನ್ನುತ್ತಾರೆ. ಅದನ್ನು ಕೈಯಿಂದ ಎತ್ತಿ ಇಡುವ ಕೆಲಸಗಾರರ ಬೆನ್ನು ಉಳಿಸಲಿಕ್ಕೆ ಹಾಕಿದ ಮಿತಿ ಅದು.

23ನ್ನು ಎರಡರಿಂದ ಗುಣಿಸಿ 46 ಕಿಲೊ ಅಂತ ಮನಸ್ಸಿನಲ್ಲಿ ಇಟ್ಟುಕೊಳ್ಳುವುದರಿಂದಲೇ ಬಹಳ ಮಂದಿ ಕೌಂಟರಿನ ಮುಂದೆ ಸಿಕ್ಕಿಬೀಳುತ್ತಾರೆ. ನಿಮ್ಮ ಮನೆಯದೇ ಚೀಲ ಕಟ್ಟಿ ನೋಡೋಣ. ದೊಡ್ಡ ಸೂಟ್‌ಕೇಸಿನಲ್ಲಿ ತೊಗರಿ ಬೇಳೆ, ಪುಸ್ತಕ, ಅಲ್ಲಿಯ ಗುರುಗಳಿಗೆ ಕೊಡಲಿಕ್ಕೆ ಬಿದ್ರಿ ಹೂದಾನಿ. ಲೋಹದ ಸಾಮಾನು ಜಾಗ ಕಡಿಮೆ ತಿಂದರೂ ತೂಕ ಎಳೆಯುತ್ತದೆ, 26 ಕಿಲೊ ಆಯಿತು ಅನ್ನಿ. ಎರಡನೆಯದರಲ್ಲಿ ಬಟ್ಟೆಬರೆ, 12 ಕಿಲೊ. ಕಡಕ್ ರೊಟ್ಟಿ ಮುರಿಯಬಾರದು ಅಂತ ಅಮ್ಮ ಬೇರೆ ರಟ್ಟಿನ ಡಬ್ಬಿಯಲ್ಲಿ ಜೋಡಿಸಿ, ಮೇಲೆ ಶೇಂಗಾ ಹಿಂಡಿ ಇಟ್ಟಿದ್ದಾರೆ. ಅದು 7 ಕಿಲೊ. ಒಟ್ಟು 45, ಅಂದರೆ 46ರ ಒಳಗೇ ಇದೆ. ಆದರೂ ಕೌಂಟರಿನಲ್ಲಿ ಎರಡು ಶುಲ್ಕ ಬೀಳುತ್ತದೆ: ಮೊದಲ ಸೂಟ್‌ಕೇಸು 23 ದಾಟಿದ್ದಕ್ಕೆ ಒಂದು, ರೊಟ್ಟಿ ಡಬ್ಬಿ ಮೂರನೆಯ ನಗ ಆದದ್ದಕ್ಕೆ ಇನ್ನೊಂದು. ಪೀಸ್ ಲೆಕ್ಕದಲ್ಲಿ ಈ ಶುಲ್ಕಗಳು ಕಿಲೊಗೆ ಇಷ್ಟು ಅಂತ ಇರುವುದಿಲ್ಲ, ತಪ್ಪಿಗೆ ಇಷ್ಟು ಅಂತ ಒಟ್ಟಾಗಿ ಇರುತ್ತವೆ. ಒಂದು ಕಿಲೊ ಹೆಚ್ಚಾದರೂ ಆರು ಕಿಲೊ ಹೆಚ್ಚಾದರೂ ಸಾಮಾನ್ಯವಾಗಿ ಅಷ್ಟೇ. ಅಳತೆಯೂ 158 ಮೀರಿದ್ದರೆ ಅದಕ್ಕೆ ಮತ್ತೊಂದು ಸೇರುತ್ತದೆ.

ಅದೇ 45 ಕಿಲೊವನ್ನು ಹಿಂದಿನ ರಾತ್ರಿ ಮನೆಯಲ್ಲೇ ಬೇರೆ ರೀತಿ ಹಂಚಿದರೆ ಒಂದು ಪೈಸೆಯೂ ಬೀಳುವುದಿಲ್ಲ. ಬೇಳೆಯ ಮೂರು ಕಿಲೊವನ್ನು ಬಟ್ಟೆಯ ಸೂಟ್‌ಕೇಸಿಗೆ ಹಾಕಿ, ರೊಟ್ಟಿಯನ್ನು ಗಟ್ಟಿ ಸ್ಟೀಲ್ ಡಬ್ಬಿಗೆ ತುಂಬಿ ಅದೇ ಬಟ್ಟೆಯ ನಡುವೆ ಇಡಿ. ಒಂದು 23, ಇನ್ನೊಂದು 22 ಮತ್ತು ಡಬ್ಬಿಯ ತೂಕ. ಆ ಡಬ್ಬಿ ಒಂದು ಕಿಲೊ ಮೀರದ ಹಾಗೆ ನೋಡಿಕೊಳ್ಳಿ. ಹೊಸ ಸೂಟ್‌ಕೇಸು ಕೊಳ್ಳುವುದಿದ್ದರೆ ಅಂಗಡಿಗೆ ಟೇಪು ಒಯ್ಯಿರಿ. 75, 50, 30 ಇದ್ದರೆ ಕೂಡಿಸಿದಾಗ 155, ನಡೆಯುತ್ತದೆ. 78, 52, 32 ಇದ್ದರೆ 162 ಆಗಿ ಮಿತಿ ದಾಟುತ್ತದೆ. ಗಾಲಿ, ಹಿಡಿಕೆ ಎರಡೂ ಅಳತೆಗೆ ಸೇರುತ್ತವೆ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಲಗೇಜಿನ ಲೆಕ್ಕ ವಿಮಾನಕ್ಕೆ ಅಂಟಿಕೊಂಡದ್ದಲ್ಲ, ಟಿಕೆಟ್ಟಿಗೆ ಅಂಟಿಕೊಂಡದ್ದು. ಆ ಟಿಕೆಟ್ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅನ್ನುವುದೇ ನಿರ್ಧಾರಕ. ನಿಮ್ಮ ತಮ್ಮನ ಟಿಕೆಟ್ ದುಬೈಯಲ್ಲಿ ಮುಗಿಯುತ್ತದೆ. ಕೊಲ್ಲಿ ದೇಶಗಳ ಮಾರ್ಗದಲ್ಲಿ ಬಹಳ ಕಂಪನಿಗಳು ಮೊದಲಿನಿಂದಲೂ ಕಿಲೊ ಲೆಕ್ಕ ಇಟ್ಟುಕೊಂಡಿವೆ. ಮಗಳ ಟಿಕೆಟ್ ಶಿಕಾಗೊದಲ್ಲಿ ಮುಗಿಯುತ್ತದೆ. ಅಮೆರಿಕ, ಕೆನಡಾ ಮಾರ್ಗದಲ್ಲಿ ಪೀಸ್ ಲೆಕ್ಕವೇ ರೂಢಿ. ಅಮೆರಿಕದ ಸಾರಿಗೆ ಇಲಾಖೆಯ ನಿಯಮವೊಂದು 2012ರ ಜನವರಿಯಿಂದ ಜಾರಿಯಲ್ಲಿದೆ: ಅಮೆರಿಕದಲ್ಲಿ ಶುರುವಾಗುವ ಅಥವಾ ಮುಗಿಯುವ ಟಿಕೆಟ್ಟಿಗೆ, ಪ್ರಯಾಣದ ಆರಂಭದಲ್ಲಿ ಯಾವ ಲಗೇಜ್ ನಿಯಮ ಅನ್ವಯಿಸಿತೋ ಅದೇ ಕೊನೆಯವರೆಗೂ ಅನ್ವಯಿಸಬೇಕು. ನಡುವೆ ಎಷ್ಟು ವಿಮಾನ ಬದಲಾದರೂ, ಕಂಪನಿ ಬದಲಾದರೂ ಸರಿ. ಹಾಗಾಗಿ ಹೈದರಾಬಾದ್–ದುಬೈ ತುಂಡಿನಲ್ಲೂ ಮಗಳಿಗೆ 2PC. ಪಕ್ಕದ ಸೀಟಿನ ಕಾಕಾನಿಗೆ 30K. ಇಬ್ಬರದೂ ಸರಿಯಾಗಿದೆ.

ಇದರಿಂದ ಇನ್ನೊಂದು ಮಾತು. ಕಾಕಾನ ಚೀಲ ಹಗುರ ಇದೆ, ಮಗಳ ಹೆಚ್ಚುವರಿ ಸಾಮಾನು ಅವನ ಲೆಕ್ಕಕ್ಕೆ ಹಾಕೋಣ ಅಂತ ನಿಮಗೆ ಅನಿಸಬಹುದು. ಒಂದೇ ಬುಕಿಂಗಿನಲ್ಲಿ, ಒಂದೇ ಊರಿಗೆ ಕಿಲೊ ಲೆಕ್ಕದಲ್ಲಿ ಹೋಗುವ ಮನೆಮಂದಿಗೆ ಬಹಳ ಕಂಪನಿಗಳು ತೂಕ ಕೂಡಿಸಿ ನೋಡುತ್ತವೆ. ಗಂಡ ಹೆಂಡತಿ ಇಬ್ಬರೂ 30K ಇದ್ದರೆ ಒಬ್ಬರದು 35, ಇನ್ನೊಬ್ಬರದು 25 ಆದರೂ ನಡೆಯುತ್ತದೆ. ಇಲ್ಲಿ ಇಬ್ಬರ ಬುಕಿಂಗೂ ಬೇರೆ, ಲೆಕ್ಕವೂ ಬೇರೆ, ಚೀಲ ಇಳಿಯುವ ಊರೂ ಬೇರೆ. ಕಾಕಾನ ಹೆಸರಲ್ಲಿ ಹಾಕಿದ ಚೀಲ ದುಬೈಯಲ್ಲೇ ಇಳಿದುಬಿಡುತ್ತದೆ, ಶಿಕಾಗೊ ಮುಟ್ಟುವುದಿಲ್ಲ.

ಡಿಸೆಂಬರಿನ ವಾಪಸಾತಿ ಬಗ್ಗೆ ನನಗೆ ನಿಜವಾಗಿ ಚಿಂತೆ ಇದೆ, ಯಾಕೆಂದರೆ ಅಲ್ಲಿ ಏಜೆಂಟ್ ಮಾಡಿದ್ದು ಒಂದು ಟಿಕೆಟ್ ಅಲ್ಲ, ಎರಡು ಅಂತ ಕಾಣುತ್ತದೆ. ಒಂದೇ ಹಾಳೆಯಲ್ಲಿ ಅಚ್ಚಾಗಿದ್ದರೆ ಒಂದೇ ಟಿಕೆಟ್ ಅಂತ ನಾವು ಅಂದುಕೊಳ್ಳುತ್ತೇವೆ. ಹಾಳೆಯಲ್ಲಿ ಟಿಕೆಟ್ ಸಂಖ್ಯೆ ಹುಡುಕಿ. ಅದು 13 ಅಂಕಿಯದು, ಮೊದಲ ಮೂರು ಅಂಕಿ ವಿಮಾನ ಕಂಪನಿಯ ಗುರುತು. ಎರಡೂ ತುಂಡಿಗೆ ಅದೇ ಸಂಖ್ಯೆ ಇದ್ದರೆ ಒಂದೇ ಟಿಕೆಟ್. ಬೇರೆ ಬೇರೆ ಸಂಖ್ಯೆ, ಬೇರೆ ಬೇರೆ PNR ಇದ್ದರೆ ಅವು ಎರಡು ಒಪ್ಪಂದ. ಆಗ ದುಬೈ–ಹೈದರಾಬಾದ್ ಕಂಪನಿಗೆ ಮಗಳು ಶಿಕಾಗೊದಿಂದ ಬಂದದ್ದು ಗೊತ್ತೇ ಇರುವುದಿಲ್ಲ, ಅವರ ಲೆಕ್ಕಕ್ಕೆ ಅವಳು ದುಬೈಯಲ್ಲಿ ಹತ್ತಿದ ಪ್ರಯಾಣಿಕಳು. ಅಮೆರಿಕದ ನಿಯಮ ಆ ಟಿಕೆಟ್ಟಿಗೆ ತಾಗುವುದಿಲ್ಲ.

ಲೆಕ್ಕ ಹಾಕಿ ನೋಡಿ. ಶಿಕಾಗೊದಿಂದ ಒಂದು ಸೂಟ್‌ಕೇಸು 22, ಇನ್ನೊಂದು 21 ಕಿಲೊ. ಎರಡೂ 2PC ಒಳಗೆ, ದುಬೈವರೆಗೆ ಯಾರೂ ಕೇಳುವುದಿಲ್ಲ. ನಾಲ್ಕು ದಿನ ಆದಮೇಲೆ ಅದೇ 43 ಕಿಲೊ ತೆಗೆದುಕೊಂಡು ಕೌಂಟರಿಗೆ ಹೋದರೆ 30 ಕಳೆದು 13 ಕಿಲೊ ಹೆಚ್ಚು. ಇಲ್ಲಿ ಶುಲ್ಕ ಕಿಲೊ ಲೆಕ್ಕದಲ್ಲಿ, ಹದಿಮೂರಕ್ಕೂ ಕಟ್ಟಬೇಕು. ದುಬೈಯಲ್ಲಿ ಕೊಂಡ ಖರ್ಜೂರ, ಚಾಕೊಲೇಟು ಇನ್ನೂ ಸೇರಿಲ್ಲ.

ಇದಕ್ಕೆ ಎರಡು ದಾರಿ. ಒಂದು, ಶಿಕಾಗೊ–ದುಬೈ–ಹೈದರಾಬಾದ್ ಒಂದೇ ಟಿಕೆಟ್ ಮಾಡಿಸಿ, ದುಬೈಯಲ್ಲಿ ನಾಲ್ಕು ದಿನದ ನಿಲುಗಡೆ ಹಾಕಿ ಅಂತ ಏಜೆಂಟಿಗೆ ಹೇಳುವುದು. ಬುಕಿಂಗ್ ತಾಣಗಳಲ್ಲಿ ಇದು ಮಲ್ಟಿ ಸಿಟಿ ಅಂತ ಇರುತ್ತದೆ. ಟಿಕೆಟ್ ಅಮೆರಿಕದಲ್ಲಿ ಶುರುವಾಗುವುದರಿಂದ ನಿಲುಗಡೆಯ ಆಚೆಗೂ ಪೀಸ್ ಲೆಕ್ಕವೇ ಮುಂದುವರಿಯುತ್ತದೆ. ದರ ಸ್ವಲ್ಪ ಹೆಚ್ಚಾದರೆ ಹದಿಮೂರು ಕಿಲೊ ಶುಲ್ಕದ ಜೊತೆ ಹೋಲಿಸಿ ನೋಡಿ. ಎರಡನೆಯದು, ಟಿಕೆಟ್ ಆಗಲೇ ಆಗಿಹೋಗಿದ್ದರೆ ದುಬೈ–ಹೈದರಾಬಾದ್ ತುಂಡಿಗೆ ಹೆಚ್ಚುವರಿ ಕಿಲೊಗಳನ್ನು ಕಂಪನಿಯ ತಾಣದಲ್ಲಿ ಮುಂಚೆಯೇ ಕೊಳ್ಳುವುದು. ಕೌಂಟರಿನ ದರಕ್ಕಿಂತ ಅದು ಸಾಮಾನ್ಯವಾಗಿ ಕಡಿಮೆ ಬೀಳುತ್ತದೆ.

ಅಮೆರಿಕ, ಕೆನಡಾ ಸಂಬಂಧವೇ ಇಲ್ಲದ ಪ್ರಯಾಣದಲ್ಲಿ ಮಾತ್ರ ಒಂದೇ ಟಿಕೆಟ್ಟಿನೊಳಗೂ ಲೆಕ್ಕ ಬದಲಾಗಬಹುದು. ಬೇರೆ ಬೇರೆ ಕಂಪನಿಯ ವಿಮಾನ ಸೇರಿದ ಟಿಕೆಟ್ಟಿನಲ್ಲಿ ಯಾರ ನಿಯಮ ನಡೆಯಬೇಕು ಅನ್ನುವುದಕ್ಕೆ ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಸಂಘ ಐಎಟಿಎ 2011ರಲ್ಲಿ ಒಂದು ಕ್ರಮ ತಂದಿತು. ಅದು ಜಗತ್ತನ್ನು ಮೂರು ವಲಯ ಮಾಡಿದೆ: ಅಮೆರಿಕ ಖಂಡಗಳು ಒಂದು, ಯೂರೋಪು, ಆಫ್ರಿಕಾ ಮತ್ತು ಕೊಲ್ಲಿ ಎರಡು, ಭಾರತ ಸೇರಿದ ಏಷ್ಯಾ ಮತ್ತು ಆಸ್ಟ್ರೇಲಿಯಾ ಮೂರು. ಸ್ಥೂಲವಾಗಿ ಹೇಳುವುದಾದರೆ ಒಂದು ವಲಯದಿಂದ ಇನ್ನೊಂದಕ್ಕೆ ದಾಟಿಸುವ ಕಂಪನಿಯ ನಿಯಮ ಉಳಿದವರಿಗೂ ಅನ್ವಯ. ಆದರೆ ಈ ಲೆಕ್ಕ ಹಾಕುವುದು ಚೀಲ ಒಪ್ಪಿಸಿದ ಜಾಗದಿಂದ ಅದನ್ನು ಮತ್ತೆ ಕೈಗೆ ತೆಗೆದುಕೊಳ್ಳುವ ಜಾಗದವರೆಗೆ ಮಾತ್ರ. ದುಬೈಯಲ್ಲಿ ಮೂರು ದಿನ ನಿಂತು ಲಂಡನ್ನಿಗೆ ಹೋಗುವವರ ಚೀಲ ದುಬೈಯಲ್ಲಿ ಕೈಗೆ ಬರುತ್ತದೆ, ಮುಂದಿನ ತುಂಡಿಗೆ ಲೆಕ್ಕ ಹೊಸದಾಗಿ ಶುರು. ಮೊದಲ ತುಂಡಿಗೆ ಕಿಲೊ, ಎರಡನೆಯದಕ್ಕೆ ಪೀಸ್ ಕಂಡರೆ ಅದು ಅಚ್ಚಿನ ತಪ್ಪಲ್ಲ.

ನಮ್ಮ ಭಾಗದವರು ಬಹಳ ಮಂದಿ ಹೈದರಾಬಾದಿನ ಶಂಶಾಬಾದ್ ವಿಮಾನ ನಿಲ್ದಾಣಕ್ಕೆ ಕಾರಿನಲ್ಲೇ ಹೋಗುವುದರಿಂದ ಊರಿನ ತುಂಡಿಗೆ ಲಗೇಜ್ ಮಿತಿಯ ಮಾತೇ ಇಲ್ಲ. ದೇಶದೊಳಗಿನ ವಿಮಾನದಲ್ಲಿ ಬೆಂಗಳೂರಿಗೆ ಹೋಗಿ ಅಲ್ಲಿಂದ ವಿದೇಶಕ್ಕೆ ಹತ್ತುವವರು ಮಾತ್ರ ಎಚ್ಚರವಾಗಿರಬೇಕು. ದೇಶದೊಳಗಿನ ಟಿಕೆಟ್ ಬೇರೆಯಾಗಿ ಕೊಂಡಿದ್ದರೆ ಮಿತಿ ಸಾಮಾನ್ಯವಾಗಿ 15 ಕಿಲೊ, ಕೆಲವು ಕಂಪನಿಗಳಲ್ಲಿ ಅದೂ ಒಂದೇ ಚೀಲದಲ್ಲಿ. ವಿದೇಶದ 2PC ಟಿಕೆಟ್ ತೋರಿಸಿ ಕೇಳಿ ನೋಡಬಹುದು, ಒಪ್ಪುವುದು ಬಿಡುವುದು ಆ ಕಂಪನಿಗೆ ಬಿಟ್ಟದ್ದು.

ಕೊನೆಗೆ, ಮಗಳ ಟಿಕೆಟ್ ಇನ್ನೊಮ್ಮೆ ತೆಗೆದು ನೋಡಿ. ಅಗ್ಗದ ದರದ ಟಿಕೆಟ್ಟುಗಳಲ್ಲಿ ಈಗ ಕೆಲವೊಮ್ಮೆ 2PC ಬದಲು 1PC ಇರುತ್ತದೆ, ಗೆಳತಿಯ ಟಿಕೆಟ್ ನೋಡಿ ಅಂದಾಜು ಮಾಡಬೇಡಿ. ಪ್ರತಿ ತುಂಡಿನ ಸಾಲಿನಲ್ಲೂ ಲಗೇಜಿನ ಕಾಲಂ ಓದಿ. ಹೈದರಾಬಾದಿನಲ್ಲಿ ಚೀಲಕ್ಕೆ ಟ್ಯಾಗ್ ಕಟ್ಟುವಾಗ ಅದರ ಮೇಲೆ ORD ಅಂತ ಇರುವುದನ್ನು ಮಗಳೇ ನೋಡಿಕೊಳ್ಳಲಿ. ಅದು ಶಿಕಾಗೊದ ಓಹೇರ್ ನಿಲ್ದಾಣದ ಗುರುತು. DXB ಎಂದಷ್ಟೇ ಇದ್ದರೆ ಚೀಲ ದುಬೈಯಲ್ಲಿ ಇಳಿಯುತ್ತದೆ ಅಂತ ಅರ್ಥ, ಅಲ್ಲೇ ಕೌಂಟರಿನಲ್ಲಿ ನಿಂತು ಸರಿಪಡಿಸಿಕೊಂಡು ಮುಂದೆ ಹೋಗಲಿ.