ಡಾಲರ್ ಏರುವವರೆಗೆ ಬಡ್ಡಿ ಸುಮ್ನಿರುತ್ತಾ?

ಒಂದು ಕಬ್ಬಿನ ಹಂಗಾಮಿನಲ್ಲಿ ಬೈಲಹೊಂಗಲ ಕಡೆಯ ರೈತರೊಬ್ಬರು ಟಿಳಕವಾಡಿಯ ನನ್ನ ಮನೆಗೆ ಬಂದರು. ಕೈಯಲ್ಲಿ ಪಾಸ್‌ಬುಕ್ ಇತ್ತು. ಮಗ ಮೊದಲು ಉದ್ಯಮಬಾಗದ ಒಂದು ಮಷೀನ್ ಶಾಪಿನಲ್ಲಿ ಟರ್ನರ್ ಆಗಿದ್ದ. ಈಗ ಶಾರ್ಜಾದಲ್ಲಿ ಅದೇ ಕೆಲಸ. ತಿಂಗಳಿಗೆ 1,500 ದಿರ್ಹಮ್ ಉಳಿಸಿ ಮನೆಗೆ ಕಳಿಸುತ್ತಿದ್ದವನು ನಾಲ್ಕು ತಿಂಗಳಿಂದ ಏನೂ ಕಳಿಸಿರಲಿಲ್ಲ.

"ದುಡ್ಡು ಐತ್ರಿ ಸಾಹೇಬ್ರ, ಕೂಡಿಟ್ಟಾನ. ಡಾಲರ್ ಏರಾಕತ್ತೈತಿ, ಇನ್ನಷ್ಟು ಏರಲಿ, ಒಮ್ಮೆಲೇ ಕಳಸ್ತೀನಿ ಅಂತಾನ. ಖರೇನ ಲಾಭ ಆಗತೈತೇನ್ರಿ?"

ಬ್ಯಾಂಕಿನಲ್ಲಿದ್ದಾಗ ವಿದೇಶಿ ಹಣದ ಕೌಂಟರ್‌ನಲ್ಲಿ ಬಹಳ ವರ್ಷ ಕೂತಿದ್ದೆ. ಈ ಪ್ರಶ್ನೆ ಅಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಉತ್ತರ ಕೊಡುವ ಮೊದಲು ನಾನು ಯಾವಾಗಲೂ ಒಂದು ಮರುಪ್ರಶ್ನೆ ಕೇಳುತ್ತೇನೆ. ಊರಲ್ಲಿ ಸಾಲ ಎಷ್ಟಿದೆ, ಬಡ್ಡಿ ಎಷ್ಟು? ಅವರು ಸ್ವಲ್ಪ ತಡೆದು ಹೇಳಿದರು. ಏಜೆಂಟಿಗೆ ಕೊಟ್ಟದ್ದು, ಮಗಳ ಮದುವೆಯದ್ದು ಸೇರಿ ಮೂರು ಲಕ್ಷ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ. ಮನೆ ಖರ್ಚು ಕಬ್ಬಿನ ಬಿಲ್ಲು, ಹಾಲಿನ ದುಡ್ಡಿನಲ್ಲಿ ನಡೆಯುತ್ತಿತ್ತು. ಮಗನ ಹಣ ಪೂರ್ತಿ ಅಸಲಿಗೇ ಹೋಗುತ್ತಿತ್ತು. ತಿಂಗಳ ಬಡ್ಡಿ ಬೇರೆಯಾಗಿ ಕಟ್ಟುತ್ತಿದ್ದರು.

ಮೊದಲು ದಿರ್ಹಮ್ ಯಾಕೆ ಏರುತ್ತದೆ ಅನ್ನೋದನ್ನು ನೋಡೋಣ. ಯುಎಇ ಸರ್ಕಾರ ತನ್ನ ದಿರ್ಹಮನ್ನು ಡಾಲರಿಗೆ ಕಟ್ಟಿಹಾಕಿದೆ. 1997ರಿಂದ ಒಂದು ಡಾಲರಿಗೆ 3.6725 ದಿರ್ಹಮ್, ಅದು ಅಲುಗಾಡುವುದಿಲ್ಲ. ಸೌದಿ ರಿಯಾಲ್ ಕೂಡ ಹಾಗೇ, ಡಾಲರಿಗೆ 3.75. ಹಾಗಾಗಿ ಶಾರ್ಜಾದಲ್ಲಿ ಏನೂ ಆಗದಿದ್ದರೂ, ಡಾಲರಿನ ಎದುರು ನಮ್ಮ ರೂಪಾಯಿ ಇಳಿದರೆ ದಿರ್ಹಮ್ ತಾನಾಗಿ ಏರುತ್ತದೆ. ಟಿವಿಯಲ್ಲಿ ಡಾಲರ್ ಒಂದು ರೂಪಾಯಿ ಏರಿತು ಅಂದರೆ ದಿರ್ಹಮಿಗೆ ಸುಮಾರು 27 ಪೈಸೆ ಜಾಸ್ತಿ. 1,500 ದಿರ್ಹಮಿಗೆ ಅದು ನಾನೂರು ರೂಪಾಯಿಯ ಆಸುಪಾಸು. ಕುವೈತ್ ದಿನಾರ್ ಮಾತ್ರ ಬೇರೆ. ಅದನ್ನು ಹಲವು ದೇಶಗಳ ಹಣದ ಗುಂಪಿಗೆ ಕಟ್ಟಿದ್ದಾರೆ, ಆದ್ದರಿಂದ ಡಾಲರ್ ನೋಡಿ ಅದರ ಲೆಕ್ಕ ನಿಖರವಾಗಿ ಹೇಳಲಾಗದು.

ಈಗ ಆ ಹುಡುಗನ ಲೆಕ್ಕ. ತಿಳಿಯಲು ಸುಲಭವಾಗಲಿ ಅಂತ ಪೈಸೆಗಳನ್ನು ದುಂಡಗೆ ಮಾಡಿದ್ದೇನೆ. ಮೊದಲ ತಿಂಗಳು ದಿರ್ಹಮಿಗೆ 23 ರೂಪಾಯಿ ಸಿಗುತ್ತಿತ್ತು. ಎರಡನೇ ತಿಂಗಳು 23.10, ಮೂರನೇ ತಿಂಗಳು 23.20, ನಾಲ್ಕನೇ ತಿಂಗಳು 23.40. ನಾಲ್ಕೂ ತಿಂಗಳ ಹಣವನ್ನು ಕೊನೆಗೆ ಒಟ್ಟಿಗೆ ಕಳಿಸಿದರೆ ಮೊದಲ ತಿಂಗಳ ಹಣಕ್ಕೆ ದಿರ್ಹಮಿಗೆ 40 ಪೈಸೆ ಲಾಭ, ಎರಡನೆಯದಕ್ಕೆ 30, ಮೂರನೆಯದಕ್ಕೆ 20. ಒಟ್ಟು 90 ಪೈಸೆ. 1,500ರಿಂದ ಗುಣಿಸಿದರೆ 1,350 ರೂಪಾಯಿ. ನಾಲ್ಕು ಸಲದ ಬದಲು ಒಂದೇ ಸಲ ಕಳಿಸಿದ್ದರಿಂದ ಮೂರು ಸಲದ ಫೀ ಕೂಡ ಉಳಿಯಿತು. ಸಲಕ್ಕೆ 20 ದಿರ್ಹಮ್ ಅಂದುಕೊಂಡರೆ ಸುಮಾರು 1,400 ರೂಪಾಯಿ. ಅಂದರೆ ಕಾದಿದ್ದಕ್ಕೆ ಬಂದ ಲಾಭ ಹತ್ತಿರ ಹತ್ತಿರ 2,750.

ಇತ್ತ ಊರಿನ ಕಡೆ ನೋಡಿ. ಮೊದಲ ತಿಂಗಳ 34,500 ರೂಪಾಯಿ ಆಗಲೇ ಬಂದಿದ್ದರೆ ಅಷ್ಟು ಅಸಲು ತೀರುತ್ತಿತ್ತು, ಅದರ ಮೇಲಿನ ಮೂರು ತಿಂಗಳ ಬಡ್ಡಿ 2,070 ರೂಪಾಯಿ ಉಳಿಯುತ್ತಿತ್ತು. ಎರಡನೇ ತಿಂಗಳ ಹಣಕ್ಕೆ ಎರಡು ತಿಂಗಳ ಬಡ್ಡಿ 1,386. ಮೂರನೆಯದಕ್ಕೆ ಒಂದು ತಿಂಗಳದು 696. ಒಟ್ಟು 4,152 ರೂಪಾಯಿ ಬಡ್ಡಿ ಹೆಚ್ಚಿಗೆ ಹೋಯಿತು. ಹುಡುಗನ ಅಂದಾಜು ಸರಿಯಾಗೇ ಇತ್ತು, ಡಾಲರ್ ಏರಿತು ಕೂಡ. ಆದರೂ ಮನೆಗೆ 1,400 ರೂಪಾಯಿ ಲುಕ್ಸಾನು. ಡಾಲರ್ ಏರದೆ ಇದ್ದಿದ್ದರೆ? ಆ 1,350ರ ಲಾಭವೂ ಇರುತ್ತಿರಲಿಲ್ಲ.

ಅಪ್ಪ ಪಾಸ್‌ಬುಕ್ಕನ್ನು ಮಡಚಿ ಮತ್ತೆ ಬಿಚ್ಚಿದರು. "ಅಂವ ಇನ್ನೊಂದು ಮಾತ ಹೇಳ್ತಾನ್ರಿ. ದಿರ್ಹಮ್ ಏರಿದ್ರ ನಮ್ಮ ಸಾಲಾನ ಸಣ್ಣದಾಗತೈತಿ ಅಂತಾನ."

ಆ ಮಾತು ಸುಳ್ಳಲ್ಲ, ಹುಡುಗ ಜಾಣ. ಮೂರು ಲಕ್ಷ ರೂಪಾಯಿ ಸಾಲ ತೀರಿಸಲು 23 ರೂಪಾಯಿ ದರದಲ್ಲಿ 13,043 ದಿರ್ಹಮ್ ಬೇಕು. 23.40ಕ್ಕೆ ಏರಿದರೆ 12,821 ಸಾಕು. 222 ದಿರ್ಹಮ್ ಕಡಿಮೆ. ಆದರೆ ಆ ಸಾಲದ ಒಂದು ತಿಂಗಳ ಬಡ್ಡಿಯೇ 6,000 ರೂಪಾಯಿ, ಅಂದರೆ ಸುಮಾರು 260 ದಿರ್ಹಮ್. ಡಾಲರ್ ನಾಲ್ಕು ತಿಂಗಳು ಏರಿ ಕೊಟ್ಟದ್ದನ್ನು ಬಡ್ಡಿ ಒಂದೇ ತಿಂಗಳಲ್ಲಿ ನುಂಗಿತು.

ಹಾಗಾದರೆ ಎಷ್ಟು ಏರಿದರೆ ಕಾಯುವುದು ಲಾಭ? ಲೆಕ್ಕ ಚಿಕ್ಕದು. ತಿಂಗಳಿಗೆ ನೂರಕ್ಕೆ ಎರಡರ ಬಡ್ಡಿ ಅಂದರೆ 23 ರೂಪಾಯಿಗೆ 46 ಪೈಸೆ. ದಿರ್ಹಮ್ ಪ್ರತಿ ತಿಂಗಳೂ 46 ಪೈಸೆ ಏರಬೇಕು, ಅಂದರೆ ಡಾಲರ್ ಪ್ರತಿ ತಿಂಗಳು ಒಂದು ರೂಪಾಯಿ ಎಪ್ಪತ್ತು ಪೈಸೆ ಏರಬೇಕು. ಅಷ್ಟಾದರೆ ಸಮ, ಲಾಭ ಅದರ ಮೇಲೆ. ವರ್ಷವಿಡೀ ಹಾಗೆ ಏರಿದರೆ ಡಾಲರಿಗೆ ಇಪ್ಪತ್ತು ರೂಪಾಯಿ ಜಾಸ್ತಿಯಾಗುತ್ತದೆ. ಬ್ಯಾಂಕಿನ ಸಾಲವಾಗಿದ್ದು ಬಡ್ಡಿ ವರ್ಷಕ್ಕೆ 9 ಪರ್ಸೆಂಟ್ ಇದ್ದರೆ ತಿಂಗಳಿಗೆ 17 ಪೈಸೆ ಏರಿದರೆ ಸಾಕು. ಅದು ಕೆಲವೊಮ್ಮೆ ಆಗುತ್ತದೆ, ಕೆಲವೊಮ್ಮೆ ಆಗುವುದಿಲ್ಲ. ಸಾಲವೇ ಇಲ್ಲದ ಮನೆಯವರು ಕಾದರೆ ನನ್ನ ತಕರಾರಿಲ್ಲ. ಆದರೆ ಅವರೂ ಇಲ್ಲಿನ ಠೇವಣಿಯಲ್ಲಿ ಬರಬಹುದಾಗಿದ್ದ ಬಡ್ಡಿಯನ್ನು ಎಣಿಸಬೇಕು. ಶಾರ್ಜಾದ ಸಂಬಳದ ಖಾತೆಯಲ್ಲಿ ಸುಮ್ನೆ ಬಿದ್ದ ಹಣ ಏನೂ ಗಳಿಸುವುದಿಲ್ಲ.

ರೂಪಾಯಿ ಜೋರಾಗಿ ಬಿದ್ದ ದಿನಗಳೂ ಇವೆ. 2013ರ ಮೇ ತಿಂಗಳಲ್ಲಿ ಡಾಲರ್ 55ರ ಆಸುಪಾಸಿನಲ್ಲಿತ್ತು, ಆಗಸ್ಟ್ ಕೊನೆಗೆ 68 ದಾಟಿತು. ಆ ಮೂರು ತಿಂಗಳು ಕಾದವರಿಗೆ ನಿಜಕ್ಕೂ ಲಾಭವಾಯಿತು. ಆದರೆ ನಮ್ಮ ಕೌಂಟರಿಗೆ ಆಗ ಬಂದ ಎಷ್ಟೋ ಜನರ ಮಕ್ಕಳು 68ಕ್ಕೂ ಕಳಿಸಲಿಲ್ಲ, 70 ಆಗಲಿ ಅಂತ ಕೂತರು. ಅಕ್ಟೋಬರ್ ಹೊತ್ತಿಗೆ ಡಾಲರ್ ಮತ್ತೆ 62ರ ಹತ್ತಿರ ಇಳಿದಿತ್ತು. ಇನ್ನು ಕೆಲವರ ಮಕ್ಕಳು, ಒಳ್ಳೆ ದರ ತಪ್ಪಬಾರದು ಅಂತ ಅಲ್ಲೇ ಕಾರ್ಡಿನ ಮೇಲೆ ಸಾಲ ಎತ್ತಿ ಊರಿಗೆ ಕಳಿಸಿದ್ದರು. ದರದ ಲಾಭ ಒಂದೇ ಸಲ ಬರುವಂಥದ್ದು, ಕಾರ್ಡಿನ ಬಡ್ಡಿ ಸಾಲ ತೀರುವ ತನಕ ಬರುವಂಥದ್ದು.

ಇನ್ನೊಂದು ತಪ್ಪು ತಿಳುವಳಿಕೆಗೆ ಸ್ವಲ್ಪ ಜಾಗ ಕೊಡಬೇಕು. ಟಿವಿಯಲ್ಲಿ ಬರುವ ದರ ನಿಮಗೆ ಸಿಗುವ ದರವಲ್ಲ. ಅದು ಬ್ಯಾಂಕುಗಳು ತಮ್ಮತಮ್ಮಲ್ಲಿ ಕೋಟಿಗಟ್ಟಲೆ ಕೊಟ್ಟು ತೆಗೆದುಕೊಳ್ಳುವ ದರ. ಡಾಲರ್ 85 ರೂಪಾಯಿ ಅಂದ ದಿನ ದಿರ್ಹಮಿನ ಲೆಕ್ಕದ ದರ 23.14. ಎಕ್ಸ್‌ಚೇಂಜ್ ಅಂಗಡಿಯವನು 23 ರೂಪಾಯಿ ಕೊಡುತ್ತಾನೆ ಅಂದುಕೊಳ್ಳಿ, ಉಳಿದ 14 ಪೈಸೆ ಅವನದು. ಮೇಲೆ 20 ದಿರ್ಹಮ್ ಫೀ. ಹುಡುಗನ ಕೈಯಿಂದ 1,520 ದಿರ್ಹಮ್ ಹೋಗಿ, ಅಪ್ಪನ ಖಾತೆಗೆ 34,500 ರೂಪಾಯಿ ಬಂತು. ಬಂದ ರೂಪಾಯಿಯನ್ನು ಹೋದ ದಿರ್ಹಮಿನಿಂದ ಭಾಗಿಸಿ: 22.70. ಇದೇ ನಿಮ್ಮ ನಿಜವಾದ ದರ. ಟಿವಿ ದರಕ್ಕಿಂತ 44 ಪೈಸೆ ಕಡಿಮೆ.

ಆ ಹುಡುಗ ನಾಲ್ಕು ತಿಂಗಳು ಕಾದದ್ದು 40 ಪೈಸೆಗೆ, ಅಲ್ವಾ? ಅದಕ್ಕಿಂತ ಜಾಸ್ತಿ ಇಲ್ಲೇ ಸೋರುತ್ತಿದೆ. ಎರಡು ಮೂರು ಕಡೆ ವಿಚಾರಿಸಿ, "1,520 ದಿರ್ಹಮ್ ಕೊಟ್ಟರೆ ಊರಿಗೆ ಎಷ್ಟು ರೂಪಾಯಿ ಮುಟ್ಟುತ್ತದೆ" ಅಂತ ಕೇಳಬೇಕು. ದರ ಎಷ್ಟು, ಫೀ ಎಷ್ಟು ಅಂತ ಬಿಡಿಬಿಡಿಯಾಗಿ ಕೇಳಬಾರದು. "ಫೀ ಇಲ್ಲ" ಅಂತ ಬೋರ್ಡ್ ಹಾಕಿದ ಕಡೆ ದರದಲ್ಲಿ ಪೈಸೆ ಹೆಚ್ಚಿಗೆ ಹಿಡಿದಿರಬಹುದು. ಹಾಗಂತ ವಾರವಾರ ಚೂರುಚೂರಾಗಿಯೂ ಕಳಿಸಬಾರದು. 1,500ಕ್ಕೆ 20 ದಿರ್ಹಮ್ ಫೀ ಅಂದರೆ ನೂರಕ್ಕೆ ಒಂದೂಕಾಲರ ಮೇಲೆ, 500ಕ್ಕೆ ಅದೇ ಫೀ ಅಂದರೆ ನೂರಕ್ಕೆ ನಾಲ್ಕು. ಸಂಬಳ ಬಂದ ವಾರ ತಿಂಗಳಿಗೊಮ್ಮೆ ಕಳಿಸುವುದು ಇಂಥ ಮನೆಗೆ ಸರಿಹೋಗುತ್ತದೆ.

ಪಾಸ್‌ಬುಕ್ಕಿನಲ್ಲಿ ಹಣ ಎನ್‌ಇಎಫ್‌ಟಿ ಅಥವಾ ಐಎಂಪಿಎಸ್ ಅಂತ ಬಂದಿದ್ದರೆ ಸಾಮಾನ್ಯವಾಗಿ ಅದು ಅಲ್ಲೇ ರೂಪಾಯಿಯಾಗಿ ಬದಲಾಗಿದೆ ಎಂದರ್ಥ. ಮಗನ ರಸೀದಿಯಲ್ಲಿರುವ ರೂಪಾಯಿ ಪೂರ್ತಿ ಬಂದಿರಬೇಕು. ಬ್ಯಾಂಕಿನಿಂದ ಬ್ಯಾಂಕಿಗೆ ವಿದೇಶಿ ಹಣವಾಗಿಯೇ ಬಂದರೆ ಇಲ್ಲಿನ ಬ್ಯಾಂಕು ಆ ದಿನದ ತನ್ನ ಕೊಳ್ಳುವ ದರದಲ್ಲಿ ಬದಲಾಯಿಸುತ್ತದೆ. ಆಗ ಆ ಬದಲಾವಣೆಗೆ ಜಿಎಸ್‌ಟಿ ಹಿಡಿಯುತ್ತಾರೆ, ಕನಿಷ್ಠ 45 ರೂಪಾಯಿ. ನಡುವಿನ ಬ್ಯಾಂಕುಗಳೂ ಒಂದಷ್ಟು ಕತ್ತರಿಸಿಕೊಳ್ಳಬಹುದು. ಮಗ ಹೇಳಿದ ಮೊತ್ತಕ್ಕೂ ಬಂದ ಮೊತ್ತಕ್ಕೂ ವ್ಯತ್ಯಾಸ ಕಂಡು ಮನೆಯಲ್ಲಿ ಜಗಳವಾದ ಉದಾಹರಣೆ ನನಗೆ ಗೊತ್ತು, ಪಾಪ ಆ ಹುಡುಗನ ತಪ್ಪೇನೂ ಇರಲಿಲ್ಲ. ದಿರ್ಹಮಿಗೆ 20-30 ಪೈಸೆ ಜಾಸ್ತಿ ಕೊಡ್ತೀವಿ, ಮನೆಗೇ ನಗದು ತಲುಪಿಸ್ತೀವಿ ಅನ್ನುವ ಹವಾಲಾದವರ ಸಹವಾಸ ಬೇಡ. ಅದು ಕಾನೂನಿಗೆ ವಿರುದ್ಧ, ಹಣ ಮುಟ್ಟದಿದ್ದರೆ ದೂರು ಕೊಡಲು ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ.

ರೂಪಾಯಿ ಇಳಿದಾಗ ಹೆಚ್ಚಿಗೆ ಬಂದ ಹಣ ಎಲ್ಲಿ ಹೋಗುತ್ತದೆ ಅನ್ನೋದನ್ನೂ ಆ ಅಪ್ಪನಿಗೆ ಹೇಳಿದೆ. ಅವರಿಗೆ ಎರಡನೇ ಮಗಳ ಮದುವೆಗೆ ಬಂಗಾರದ ಚಿಂತೆ ಇತ್ತು. ನಮ್ಮಲ್ಲಿ ಹಟ್ಟಿಯಲ್ಲಿ ಚಿನ್ನ ತೆಗೆಯುತ್ತಾರೆ ನಿಜ, ಆದರೆ ದೇಶದ ಮದುವೆಗಳಿಗೆ ಅದು ಎಲ್ಲಿ ಸಾಲಬೇಕು? ಹೆಚ್ಚುಕಡಿಮೆ ಎಲ್ಲ ಬಂಗಾರವೂ ಹೊರಗಿನಿಂದ ಡಾಲರ್ ಕೊಟ್ಟು ತಂದದ್ದು. ಡಾಲರ್ ನೂರಕ್ಕೆ ಎರಡು ಏರಿದರೆ, ಉಳಿದದ್ದೆಲ್ಲ ಹಾಗೇ ಇದ್ದರೂ, ತೊಲದ ರೇಟೂ ನೂರಕ್ಕೆ ಎರಡು ಏರುತ್ತದೆ. ಮಗನ ದಿರ್ಹಮಿಗೆ ಮೊದಲು ಎಷ್ಟು ಬಂಗಾರ ಬರುತ್ತಿತ್ತೋ ಈಗಲೂ ಅಷ್ಟೇ. ಡೀಸೆಲ್, ಅಡುಗೆ ಎಣ್ಣೆಗೂ ಈ ಬಿಸಿ ತಟ್ಟುತ್ತದೆ, ಸ್ವಲ್ಪ ತಡವಾಗಿ. ಸಾಲಕ್ಕೆ ಮಾತ್ರ ಡಾಲರಿನ ಗೊಡವೆ ಇಲ್ಲ. ಮೂರು ಲಕ್ಷ ಬರೆದುಕೊಂಡದ್ದು ಮೂರು ಲಕ್ಷವೇ. ಹೆಚ್ಚಿಗೆ ಬಂದ ಪೈಸೆಗಳು ಪೂರ್ತಿ ಕೈಗೆ ಹತ್ತುವುದು ಅಲ್ಲಿಯೇ.

ಅವರು ನನ್ನ ಮುಂದೆಯೇ ಮಗನಿಗೆ ಫೋನ್ ಹಚ್ಚಿದರು. ನಾನು ಬರೆದುಕೊಟ್ಟ ಚೀಟಿ ನೋಡಿ 4,152, 2,750 ಅಂತ ಓದಿದರು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹುಡುಗ ಕೇಳಿದ್ದು ನನಗೂ ಕೇಳಿಸಿತು: "ಅಪ್ಪಾ, ನೂರಕ್ಕ ಎರಡು ಅಂದ್ರ ವರ್ಷಕ್ಕಲ್ಲೇನು?"