ಮೂರು ಬಾಯಿ, ಒಂದು ಕೆರೆ

ಕೆರೆಯಲ್ಲಿ ಮೀನು ಸಾಕುವ ಬಗ್ಗೆ ಎಲ್ಲೇ ಕೇಳಿದರೂ ಮೊದಲು ಸಿಗುವುದು ಒಂದೇ ಚಿತ್ರ: ಮೇಲಿನ ಮಾಳಿಗೆಯಲ್ಲಿ ಕಾಟ್ಲಾ, ನಡುವಿನದರಲ್ಲಿ ರೋಹು, ನೆಲ ಅಂತಸ್ತಿನಲ್ಲಿ ಮೃಗಾಲ್. ಚಿತ್ರ ಸುಳ್ಳೇನಲ್ಲ, ಆದರೆ ಅದನ್ನು ಅಕ್ಷರಶಃ ನಂಬಿದವರು ಕೆರೆ ಆಳವಿದ್ದಷ್ಟೂ ಮೀನು ಚೆನ್ನಾಗಿ ಬೆಳೆಯುತ್ತದೆ ಎಂದುಕೊಳ್ಳುತ್ತಾರೆ. ಕಾಸರಗೋಡಿನ ಬದಿಯಡ್ಕ, ಪೆರ್ಲದ ಕಡೆಯ ಅಡಿಕೆ ತೋಟದ ಕೆರೆ ಮಾರ್ಚ್ ಹೊತ್ತಿಗೆ ಎದೆಮಟ್ಟಕ್ಕೆ ಇಳಿದಿರುತ್ತದೆ. ಅಷ್ಟು ನೀರಲ್ಲಿ ಮಾಳಿಗೆ ಎಲ್ಲಿಂದ ಬಂತು? ಆದರೂ ಮೂರು ಮೀನುಗಳು ಜಗಳವಿಲ್ಲದೆ ಬದುಕುತ್ತವೆ. ಗುಟ್ಟು ಇರುವುದು ಅವುಗಳ ಬಾಯಲ್ಲಿ.

ಕಾಟ್ಲಾದ ಕೆಳದವಡೆ ಮೇಲಕ್ಕೆ ಎತ್ತಿಕೊಂಡಿರುತ್ತದೆ, ಮಳೆನೀರು ಹಿಡಿಯಲು ಇಟ್ಟ ಪಾತ್ರೆಯ ಹಾಗೆ. ಅದರ ಕಿವಿರಿನ ಮುಚ್ಚಳ ಎತ್ತಿ ನೋಡಿ: ಕೆಂಪು ಎಸಳುಗಳ ಒಳಬದಿಯಲ್ಲಿ ಹೇನು ಬಾಚಣಿಗೆಯ ಹಲ್ಲುಗಳಂತೆ ಬಿಳಿ ಕಡ್ಡಿಗಳ ಸಾಲು ಇರುತ್ತದೆ. ಬಾಯಿಗೆ ಎಳೆದುಕೊಂಡ ನೀರು ಈ ಬಾಚಣಿಗೆಯ ಮೂಲಕ ಹೊರಗೆ ಹೋಗುತ್ತದೆ, ಸಾಸಿವೆಗಿಂತ ಸಣ್ಣ ನೀರುಚಿಗಟಗಳು ಒಳಗೆ ಉಳಿಯುತ್ತವೆ. ಜರಡಿ ಎನ್ನಿ, ಕಷಾಯ ಸೋಸುವ ಬಟ್ಟೆ ಎನ್ನಿ, ಕೆಲಸ ಅದೇ. ರೋಹುವಿನ ತುಟಿಗೆ ಝಾಲರಿ ಇದೆ. ಕಲ್ಲಿಗೆ, ಮುಳುಗಿದ ಸೋಗೆಗೆ ಅಂಟಿದ ಪಾಚಿಯನ್ನು ಅದು ಕೆರೆದು ತಿನ್ನುತ್ತದೆ. ಮೃಗಾಲ್‌ನ ಬಾಯಿ ಮೂತಿಯ ಅಡಿಗೆ ತಿರುಗಿದೆ, ಕೆಸರಿನಲ್ಲಿ ಕೊಳೆತ ಎಲೆಗಳ ಚೂರು ಅದರ ಊಟ. ಅದು ಕೆಸರು ಕೆದಕಿದಾಗ ತಳದಲ್ಲಿ ಹೂತಿದ್ದ ಗೊಬ್ಬರದಂಶ ನೀರಿಗೆ ಬರುತ್ತದೆ, ಅದರಿಂದ ಪಾಚಿ ಬೆಳೆಯುತ್ತದೆ, ಪಾಚಿ ತಿಂದು ನೀರುಚಿಗಟ ಹೆಚ್ಚುತ್ತದೆ, ಅದನ್ನು ಕಾಟ್ಲಾ ಸೋಸುತ್ತದೆ. ತಳದವನು ಉತ್ತಿದ್ದಕ್ಕೆ ಮೇಲಿನವನಿಗೆ ಊಟ!

ಈ ಮೂರೂ ಉತ್ತರದ ದೊಡ್ಡ ನದಿಗಳ ಮೀನುಗಳು, ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ. ಹಾಗಾಗಿ ಹಿಂದೆ ನದಿಯಲ್ಲಿ ಬಲೆಯೊಡ್ಡಿ ಹಿಡಿದ ಮರಿಗಳೇ ಗತಿ, ಅದರಲ್ಲಿ ಯಾವ ಜಾತಿ ಎಷ್ಟು, ಬೇರೆ ಮೀನನ್ನು ತಿನ್ನುವ ಮೀನಿನ ಮರಿ ಎಷ್ಟು ಎಂದು ಹೇಳುವಂತಿರಲಿಲ್ಲ. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿ ಅವರು ಕೆ.ಎಚ್. ಅಲಿಕುಂಞಿ ಅವರೊಡನೆ ಮೀನಿನ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸಿದರು. ಇವತ್ತು ನೀವು ‘ಕಾಟ್ಲಾ 80, ರೋಹು 60’ ಎಂದು ಎಣಿಸಿ ತರುವುದು ಆ ಸೂಜಿಯ ದೆಸೆಯಿಂದ.

ಈಗ ನಮ್ಮ ನೆಲದ ತೊಂದರೆಗೆ ಬರೋಣ. ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ತುಂಬಿದ ಕೆರೆಯ ತಳ ಕಾಣುತ್ತಿದ್ದರೆ ‘ಎಂಥ ಒಳ್ಳೆ ನೀರು’ ಎನ್ನುತ್ತೇವೆ. ಕುಡಿಯಲು ಒಳ್ಳೆಯದೇ. ಮೀನಿಗೆ ಅದು ಬರಿ ಬಟ್ಟಲು. ಮುರಕಲ್ಲಿನ ಮಣ್ಣು ಹುಳಿ, ಅದರಲ್ಲಿರುವ ಕಬ್ಬಿಣ ಮತ್ತು ಅಲ್ಯೂಮಿನಿಯಂ ರಂಜಕವನ್ನು ಕಟ್ಟಿಹಾಕುತ್ತವೆ. ರಂಜಕ ಸಿಗದೆ ಪಾಚಿ ಏಳುವುದಿಲ್ಲ, ಪಾಚಿ ಇಲ್ಲದೆ ನೀರುಚಿಗಟ ಇಲ್ಲ. ಇಂಥ ಕೆರೆಗೆ ಬಿಟ್ಟ ಕಾಟ್ಲಾ ವರ್ಷ ಕಳೆದರೂ ಗೇಣುದ್ದ ದಾಟದೆ, ತಲೆ ದೊಡ್ಡದಾಗಿ ಮೈ ಸೊರಗಿ ನಿಂತಿರುತ್ತದೆ. ಮರಿ ಕೊಟ್ಟವರನ್ನು ಬೈದು ಪ್ರಯೋಜನವಿಲ್ಲ.

ಹತ್ತು ಸೆಂಟ್ಸಿನ, ಅಂದರೆ ಸುಮಾರು 400 ಚದರ ಮೀಟರಿನ, ಮಳೆಗಾಲದಲ್ಲಿ ಎರಡು ಮೀಟರ್ ನೀರಿರುವ ಕೆರೆಯನ್ನೇ ತೆಗೆದುಕೊಳ್ಳಿ. ಮೇ ತಿಂಗಳಲ್ಲಿ ನೀರು ತಳ ಹಿಡಿದಾಗ ಕಪ್ಪು ಕೆಸರನ್ನು ಅಡಿಕೆ ಬುಡಕ್ಕೆ ಹಾಕಿ, ಬಿಲದಲ್ಲಿ ಅಡಗಿದ, ಮರಿ ತಿನ್ನುವ ಮುಗುಡು ಮೀನುಗಳನ್ನು ಹಿಡಿದು ತೆಗೆಯಬೇಕು. ಒದ್ದೆ ಮಣ್ಣಿನ ಪಿಎಚ್ 6ರ ಆಸುಪಾಸಿನಲ್ಲಿದ್ದರೆ 20 ಕಿಲೋ ಸುಣ್ಣ ಸಾಕು, 5ಕ್ಕೆ ಹತ್ತಿರವಿದ್ದರೆ 40 ಕಿಲೋ ಬೇಕು. ಅದನ್ನು ತಳಕ್ಕೂ ದಂಡೆಯ ಒಳಮೈಗೂ ಎರಚಬೇಕು.

ಮರಿ ಬಿಡಲು ಜೂನಿನಲ್ಲಿ ಅವಸರ ಬೇಡ. ನಮ್ಮ ಮಳೆಗೆ ಕೆರೆ ತುಂಬಿ ಹರಿಯುತ್ತದೆ, ಮರಿಯೂ ಹೋಗುತ್ತದೆ, ಗೊಬ್ಬರವೂ ಹೋಗುತ್ತದೆ. ಅದಕ್ಕಿಂತ ದೊಡ್ಡ ಕಾರಣ ಮೈಲುತುತ್ತು. ಅಡಿಕೆಯ ಕೊಳೆರೋಗಕ್ಕೆ ಬಿಡುವ ನೂರು ಲೀಟರ್ ಮದ್ದಿನಲ್ಲಿ ಒಂದು ಕಿಲೋ ಮೈಲುತುತ್ತು ಇರುತ್ತದೆ. ಅದರಲ್ಲಿರುವ ತಾಮ್ರ ಪಾಚಿಯನ್ನೂ ಕೊಲ್ಲುತ್ತದೆ, ಮೀನಿನ ಕಿವಿರನ್ನೂ ಕೆಡಿಸುತ್ತದೆ. ಸುಣ್ಣದಂಶ ಕಡಿಮೆ ಇರುವ ನಮ್ಮ ಮೆದು ನೀರಿನಲ್ಲಿ ಅದರ ವಿಷ ಇನ್ನೂ ಜೋರು. ಎರಡನೆಯ ಸಲ ಮದ್ದು ಬಿಟ್ಟು ಮುಗಿದ ಮೇಲೆ, ಸೆಪ್ಟೆಂಬರಿನಲ್ಲಿ ಮರಿ ತನ್ನಿ. ಮದ್ದಿನ ಡ್ರಮ್ಮನ್ನು ಕೆರೆಯಲ್ಲಿ ತೊಳೆಯುವ ಅಭ್ಯಾಸವನ್ನು ಅದಕ್ಕೂ ಮೊದಲೇ ಬಿಡಬೇಕು.

ಮರಿ ತರುವ ಎರಡು ವಾರ ಮುಂಚೆ ನೂರು ಕಿಲೋ ಹಸಿ ಸೆಗಣಿಯನ್ನು ನೀರಲ್ಲಿ ಕದಡಿ ಹಾಕಿ, ಆಮೇಲೆ ಹದಿನೈದು ದಿನಕ್ಕೊಮ್ಮೆ 20 ಕಿಲೋ. ತಿಂಗಳಿಗೆ ಒಂದು ಕಿಲೋ ಸೂಪರ್ ಫಾಸ್ಫೇಟ್. ಅಳತೆಗೆ ಕೈ ಸಾಕು: ಮೊಣಕೈವರೆಗೆ ಮುಳುಗಿಸಿದಾಗ ಅಂಗೈ ಮಸುಕಾಗಿ ಮಾಯವಾಗುವಂತಿದ್ದರೆ ನೀರು ಹದ. ಬೆರಳು ಸ್ಪಷ್ಟ ಕಂಡರೆ ಕೆರೆ ಹಸಿದಿದೆ. ಮಣಿಕಟ್ಟು ದಾಟುತ್ತಿದ್ದಂತೆ ಅಂಗೈ ಕಾಣದಿದ್ದರೆ ಸೆಗಣಿ ನಿಲ್ಲಿಸಿ. ಕೆಂಪು ಮಣ್ಣು ಕದಡಿದ ನೀರಿಗೆ ಈ ಪರೀಕ್ಷೆ ನಡೆಯದು, ಹಸಿರು ಬಣ್ಣವಿರಬೇಕು.

ಬೆರಳುದ್ದದ ಮರಿಗಳು ಒಟ್ಟು 200: ಕಾಟ್ಲಾ 80, ರೋಹು 60, ಮೃಗಾಲ್ 50, ಹುಲ್ಲುಗೆಂಡೆ 10. ಹುಲ್ಲುಗೆಂಡೆ ತಿಂದ ಹುಲ್ಲಿನಲ್ಲಿ ಅರ್ಧದಷ್ಟು ಅರಗದೆ ಹೊರಬೀಳುತ್ತದೆ, ಹತ್ತು ಸಾಕು, ಅದೇ ನಿಮ್ಮ ನೀರೊಳಗಿನ ಹಟ್ಟಿ. ಬೆಳ್ಳಿಗೆಂಡೆಯನ್ನು ಬಿಟ್ಟಿದ್ದೇನೆ, ಅದರ ಜರಡಿ ಕಾಟ್ಲಾದ್ದಕ್ಕಿಂತ ಸಣ್ಣ, ಚಿಕ್ಕ ಕೆರೆಯಲ್ಲಿ ಕಾಟ್ಲಾದ ಬಾಯಿಗೇ ಕೈ ಹಾಕುತ್ತದೆ. ಸಾಮಾನ್ಯ ಗೆಂಡೆಯೂ ಬೇಡ, ಮಣ್ಣಿನ ದಂಡೆಯನ್ನು ಅಗೆದು ಜರಿಸುತ್ತದೆ.

ತೌಡು ಮತ್ತು ನೆಲಗಡಲೆ ಹಿಂಡಿ ಸಮಸಮ ಕಲಸಿ, ತೂತು ಮಾಡಿದ ಚೀಲದಲ್ಲಿ ತೂಗಹಾಕಿ, ಒಂದು ಚೀಲ ಮೊಳ ಆಳಕ್ಕೆ, ಇನ್ನೊಂದು ತಳದ ಹತ್ತಿರ. ಮರಿಗಳು ನೂರು ಗ್ರಾಮಿಗೆ ಬಂದಾಗ ಒಟ್ಟು ತೂಕ 20 ಕಿಲೋ, ಅದರ ಶೇ. 3 ಅಂದರೆ ದಿನಕ್ಕೆ 600 ಗ್ರಾಂ. ಮರುದಿನ ಚೀಲದಲ್ಲಿ ಉಳಿದಿದ್ದರೆ ಕಡಿಮೆ ಮಾಡಿ, ಉಳಿದದ್ದು ಕೊಳೆತು ಪ್ರಾಣವಾಯು ತಿನ್ನುತ್ತದೆ.

ಅಲ್ಲೇ ಇರುವುದು ಅಪಾಯ. ತುಲಾ ತಿಂಗಳಲ್ಲಿ, ಅಂದರೆ ಅಕ್ಟೋಬರ್-ನವೆಂಬರ್ ಹೊತ್ತಿಗೆ, ಎರಡು ಮೂರು ದಿನ ಮೋಡ ಕವಿದು ಒಂದು ಬೆಳಿಗ್ಗೆ ದೊಡ್ಡ ಮೀನುಗಳು ಹೊಟ್ಟೆ ಮೇಲಾಗಿ ತೇಲಿದರೆ ಊರಲ್ಲಿ ಎರಡೇ ಮಾತು: ಯಾರೋ ವಿಷ ಹಾಕಿದ್ದಾರೆ, ಇಲ್ಲವೇ ಕಣ್ಣು ಬಿದ್ದಿದೆ. ಪಾಚಿ ಹಗಲು ಬಿಸಿಲಿಗೆ ಪ್ರಾಣವಾಯು ಬಿಡುತ್ತದೆ, ರಾತ್ರಿ ಅದೇ ಪಾಚಿ ಅದನ್ನು ಉಸಿರಾಡುತ್ತದೆ. ಬಿಸಿಲಿಲ್ಲದ ದಿನಗಳಲ್ಲಿ ಆದಾಯವಿಲ್ಲ, ಖರ್ಚು ನಿಲ್ಲದು, ಬೆಳಗಿನ ಜಾವಕ್ಕೆ ಪೆಟ್ಟಿಗೆ ಖಾಲಿ. ಸತ್ತವರನ್ನು ನೋಡಿದರೆ ಕಾರಣ ತಿಳಿಯುತ್ತದೆ. ಕಾಟ್ಲಾ ಮೊದಲು, ಅದರಲ್ಲೂ ದೊಡ್ಡದು ಮೊದಲು ಸತ್ತು, ಉಳಿದವು ನೀರಿನ ಮೇಲೆ ಬಾಯಿ ಬಡಿಯುತ್ತಿದ್ದು ಒಂಬತ್ತು ಗಂಟೆಯ ಬಿಸಿಲಿಗೆ ಸುಧಾರಿಸಿದರೆ ಅದು ಉಸಿರಿನ ಕೊರತೆ. ವಿಷವಾದರೆ ಸಣ್ಣದು ದೊಡ್ಡದೆನ್ನದೆ ಎಲ್ಲವೂ ಸಾಯುತ್ತವೆ, ಮೇಲೆ ಬಂದು ಗಾಳಿ ನುಂಗಬಲ್ಲ ಮುಗುಡೂ ಉಳಿಯುವುದು ಕಷ್ಟ. ಬಾಯಿ ಬಡಿಯುವುದು ಕಂಡ ಕೂಡಲೇ ತೋಟದ ಪಂಪು ಹಾಕಿ ಕೆರೆಯ ನೀರನ್ನೇ ಎತ್ತರದಿಂದ ಕೆರೆಗೆ ಧುಮುಕಿಸಿ, ಎರಡು ದಿನ ಹಿಂಡಿಯೂ ಸೆಗಣಿಯೂ ಬೇಡ.

ಫೆಬ್ರವರಿಯಿಂದ ನೀರು ತೋಟಕ್ಕೆ ಹೋಗುತ್ತದೆ, ಮೀನು ಹಾಗೇ ಉಳಿಯುತ್ತದೆ. ದೊಡ್ಡ ಕಾಟ್ಲಾಗಳನ್ನು ಆಗಲೇ ಬಲೆಗೆ ಹಾಕಿ ಮಾರಿ, ರೋಹು ಮೃಗಾಲ್‌ಗಳನ್ನು ಮೇ ತನಕ ಬಿಡಬಹುದು. ನೀರು ಸೊಂಟಕ್ಕಿಂತ ಕೆಳಗಿಳಿದರೆ ಎಲ್ಲವನ್ನೂ ಹಿಡಿಯುವುದೇ ಸರಿ, ಅಷ್ಟು ಹೊತ್ತಿಗೆ ನೀರುಕಾಗೆಗಳು ಬೇಲಿಯ ಮೇಲೆ ಬಂದು ಕೂತಿರುತ್ತವೆ.